ಯೂಟ್ಯೂಬ್ ಕೇಳುತ್ತದೆ, ಝೂಮ್ ಕೇಳುವುದಿಲ್ಲ: ಫಾರ್ಮ್ಯಾಟ್ ಮಾಡಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: “ನಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಎಚ್‌ಡಿಎಂಐ ಕೇಬಲ್‌ನಿಂದ ಒಂದು ದೊಡ್ಡ ಮಾನಿಟರ್ ಜೋಡಿಸಿದ್ದೇವೆ. ಯೂಟ್ಯೂಬ್, ಹಾಡು, ಸಿನಿಮಾ ಎಲ್ಲದರ ಧ್ವನಿಯೂ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಬರುತ್ತದೆ. ಮಗಳ ಕೋಚಿಂಗ್ ನಡೆಯುವ ಝೂಮ್‌ನಲ್ಲಿ ಮಾತ್ರ ಸರ್ ಮಾತು ಕೇಳುವುದಿಲ್ಲ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಅದೇ ಝೂಮ್ ಕೇಳಿಸುತ್ತದೆ. ಝೂಮ್ ತೆಗೆದು ಮತ್ತೆ ಹಾಕಿದೆವು, ಏನೂ ಆಗಲಿಲ್ಲ. ರಿಪೇರಿ ಅಂಗಡಿಯವರು ಸೌಂಡ್ ಡ್ರೈವರ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಮಾಡಿಸಬೇಕೆ?” — ಓದುಗರೊಬ್ಬರು, ಜಮಖಂಡಿ

ಉತ್ತರ: ಮಾಡಿಸಬೇಡಿ. ನೀವು ಬರೆದ ನಾಲ್ಕು ಸಾಲುಗಳಲ್ಲಿಯೇ ಸ್ಪೀಕರ್, ಡ್ರೈವರ್ ಮತ್ತು ಝೂಮ್ ಈ ಮೂರೂ ಸರಿಯಾಗಿವೆ ಎಂಬುದಕ್ಕೆ ಸಾಕ್ಷಿಯಿದೆ. ಯೂಟ್ಯೂಬ್ ಧ್ವನಿ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಬರುತ್ತಿದೆ ಎಂದ ಮೇಲೆ ಸ್ಪೀಕರ್ ಕೆಟ್ಟಿಲ್ಲ, ಅದನ್ನು ನಡೆಸುವ ಡ್ರೈವರ್ ಸಹ ಕೆಟ್ಟಿಲ್ಲ. ಇಯರ್‌ಫೋನ್‌ನಲ್ಲಿ ಝೂಮ್ ಕೇಳುತ್ತಿದೆ ಎಂದ ಮೇಲೆ ಇಂಟರ್ನೆಟ್ ಸಂಪರ್ಕವೂ ಝೂಮ್‌ನ ಒಳಗಿನ ಧ್ವನಿ ವ್ಯವಸ್ಥೆಯೂ ಕೆಲಸ ಮಾಡುತ್ತಿವೆ. ಹಾಗಾದರೆ ಉಳಿದದ್ದು ಒಂದೇ: ಝೂಮ್‌ನಿಂದ ಹೊರಟ ಧ್ವನಿ ಲ್ಯಾಪ್‌ಟಾಪ್ ಸ್ಪೀಕರ್‌ವರೆಗೆ ಬರುವ ದಾರಿ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಧ್ವನಿಯನ್ನು ಸೊನ್ನೆಗೆ ಇಳಿಸಲಾಗಿದೆ, ಇಲ್ಲವೇ ಅದನ್ನು ಬೇರೆ ಸಾಧನದ ಕಡೆಗೆ ತಿರುಗಿಸಲಾಗಿದೆ. ಎರಡನ್ನೂ ಮನೆಯಲ್ಲಿಯೇ ಕುಳಿತು ಕಂಡುಹಿಡಿಯಬಹುದು ಮತ್ತು ಅದಕ್ಕೆ ಯಾವ ಹಣವೂ ಬೇಕಾಗಿಲ್ಲ.

ಡ್ರೈವರ್‌ನ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಬೆಳಗಾವಿಯ ನಮ್ಮ ದುರಸ್ತಿ ಮೇಜಿಗೆ ಬರುವ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಡ್ರೈವರನ್ನು ಯಾರಾದರೂ ಆಗಲೇ ತೆಗೆದು ಹಾಕಿರುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಯಾವ ಆ್ಯಪ್ ಸಹ ನೇರವಾಗಿ ಡ್ರೈವರ್ ಜೊತೆ ವ್ಯವಹರಿಸುವುದಿಲ್ಲ. ಝೂಮ್, ಕ್ರೋಮ್, ವಿಎಲ್‌ಸಿ ಎಲ್ಲವೂ ತಮ್ಮ ತಮ್ಮ ಧ್ವನಿಯನ್ನು ವಿಂಡೋಸ್‌ನ ಧ್ವನಿ ವ್ಯವಸ್ಥೆಗೆ ಒಪ್ಪಿಸುತ್ತವೆ. ವಿಂಡೋಸ್ ಅವೆಲ್ಲವನ್ನೂ ಒಂದರಲ್ಲೊಂದು ಬೆರೆಸಿ, ಬೆರೆತ ಒಂದೇ ಧಾರೆಯನ್ನು ಡ್ರೈವರ್‌ಗೆ ಕೊಡುತ್ತದೆ. ಆ ಧಾರೆಯಲ್ಲಿ ಯಾವುದು ಕೋಚಿಂಗ್ ಸರ್ ಮಾತು, ಯಾವುದು ಯೂಟ್ಯೂಬ್ ಹಾಡು ಎಂಬುದು ಡ್ರೈವರ್‌ಗೆ ತಿಳಿಯುವುದೇ ಇಲ್ಲ. ತಿಳಿಯದ ಮೇಲೆ ಒಂದನ್ನು ಮಾತ್ರ ನುಂಗಿ ಇನ್ನೊಂದನ್ನು ಬಿಡುವುದು ಅದರಿಂದ ಸಾಧ್ಯವಿಲ್ಲ. ಡ್ರೈವರ್ ಕೆಟ್ಟರೆ ಎಲ್ಲ ಆ್ಯಪ್‌ಗಳ ಧ್ವನಿಯೂ ನಿಲ್ಲುತ್ತದೆ, ಇಲ್ಲವೇ ಎಲ್ಲದರಲ್ಲಿಯೂ ಗರಗರ ಸದ್ದು ಸೇರುತ್ತದೆ. ಒಂದೇ ಆ್ಯಪ್ ಮೌನವಾಗಿದ್ದರೆ ದೋಷವನ್ನು ಬೆರಕೆಯ ಹಂತದಲ್ಲಿ ಇಲ್ಲವೇ ಅದಕ್ಕಿಂತ ಹಿಂದೆ ಹುಡುಕಬೇಕು.

ಆ ಬೆರಕೆಯ ಹಂತದಲ್ಲಿ ಏನಾಗುತ್ತದೆ ಎಂಬುದು ನಿಮ್ಮ ಸಮಸ್ಯೆಯ ಮೂಲ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರತಿಯೊಂದು ಆ್ಯಪ್‌ಗೂ ಅದರದೇ ಆದ ವಾಲ್ಯೂಮ್ ಇರುತ್ತದೆ. ಟಾಸ್ಕ್‌ಬಾರ್‌ನ ಮೂಲೆಯಲ್ಲಿ ಕಾಣುವ ಸ್ಪೀಕರ್ ಗುರುತಿನ ವಾಲ್ಯೂಮ್ ಇಡೀ ಸಾಧನದ್ದು. ಅದರ ಕೆಳಗೆ ಆ್ಯಪ್‌ಗೊಂದರಂತೆ ಬೇರೆ ಬೇರೆ ಸಾಲುಗಳಿವೆ. ಕಾಲುವೆಯ ಮುಖ್ಯ ತೂಬನ್ನು ಪೂರ್ತಿ ಎತ್ತಿದ್ದರೂ ನಿಮ್ಮ ಹೊಲದ ತೂಬು ಮುಚ್ಚಿದ್ದರೆ ನೀರು ಬರುವುದಿಲ್ಲವಷ್ಟೆ. ಇಲ್ಲಿಯ ಲೆಕ್ಕವೂ ಅದೇ. ಝೂಮ್‌ನ ಸಾಲು ಸೊನ್ನೆಯಲ್ಲಿದ್ದರೆ ಮುಖ್ಯ ವಾಲ್ಯೂಮನ್ನು 100ಕ್ಕೆ ಏರಿಸಿದರೂ ಯೂಟ್ಯೂಬ್ ಕಿವಿಗಡಚಿಕ್ಕುತ್ತದೆಯೇ ಹೊರತು ಝೂಮ್ ಕೇಳುವುದಿಲ್ಲ. ಸಾಲು 100ರಲ್ಲಿದೆ ಎಂದರೆ ಮುಖ್ಯ ವಾಲ್ಯೂಮ್ ಎಷ್ಟಿದೆಯೋ ಅಷ್ಟನ್ನು ಪೂರ್ತಿ ಬಿಡುತ್ತಿದೆ ಎಂದರ್ಥ. ಅದಕ್ಕಿಂತ ಹೆಚ್ಚು ಮಾಡುವ ಶಕ್ತಿ ಆ ಸಾಲಿಗಿಲ್ಲ. ಝೂಮ್‌ನ ಸೆಟ್ಟಿಂಗ್ಸ್ ಒಳಗೆ ಇನ್ನೊಂದು ವಾಲ್ಯೂಮ್ ಪಟ್ಟಿಯೂ ಇದೆ. ಹೀಗೆ ಒಂದರ ಹಿಂದೆ ಒಂದರಂತೆ ಮೂರು ಕಡೆ ಧ್ವನಿ ಇಳಿಯಬಹುದು. ಯಾವುದೂ ಸೊನ್ನೆಯಲ್ಲಿಲ್ಲದೆ ಪ್ರತಿಯೊಂದೂ ಸಾಕಷ್ಟು ಇಳಿದಿದ್ದರೂ ಕೊನೆಯಲ್ಲಿ ಕಿವಿಗೆ ತಲುಪುವುದು ಏನೂ ಇಲ್ಲವೆನ್ನುವಷ್ಟು ಆಗಿರುತ್ತದೆ.

ಇಷ್ಟನ್ನು ಬಹಳ ಜನ ಬಲ್ಲರು. ಕಡಿಮೆ ಜನರಿಗೆ ಗೊತ್ತಿರುವ ಸಂಗತಿಯೆಂದರೆ, ವಿಂಡೋಸ್ ಈ ಸಾಲಿನ ವಾಲ್ಯೂಮನ್ನು ಆ್ಯಪ್‌ಗೆ ಒಂದರಂತೆ ಅಲ್ಲ, ಆ್ಯಪ್ ಮತ್ತು ಸಾಧನದ ಜೋಡಿಗೆ ಒಂದರಂತೆ ನೆನಪಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಝೂಮ್ ಎಷ್ಟು ಎಂಬುದು ಒಂದು ನೆನಪು; ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಝೂಮ್ ಎಷ್ಟು ಎಂಬುದು ಬೇರೆಯೇ ನೆನಪು. ಮಗಳು ಎಂದಾದರೂ ಇಯರ್‌ಫೋನ್ ಇಲ್ಲದೆ ತರಗತಿ ಕೇಳುವಾಗ, ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದು ಝೂಮ್‌ನ ಸಾಲನ್ನು ಮಾತ್ರ ಮ್ಯೂಟ್ ಮಾಡಿ ಮರೆತಿದ್ದರೆ, ಆ ಮ್ಯೂಟ್ ಲ್ಯಾಪ್‌ಟಾಪ್ ಸ್ಪೀಕರ್‌ಗೆ ಮಾತ್ರ ಅಂಟಿಕೊಂಡಿರುತ್ತದೆ. ಇಯರ್‌ಫೋನ್ ಹಾಕಿದಾಗ ಬೇರೆ ಜೋಡಿಯ ನೆನಪು ಜಾರಿಗೆ ಬರುತ್ತದೆ, ಅಲ್ಲಿ ವಾಲ್ಯೂಮ್ ಪೂರ್ತಿ ಇರುತ್ತದೆ, ಮಾತು ಕೇಳುತ್ತದೆ. ಇಯರ್‌ಫೋನ್ ತೆಗೆದ ಕೂಡಲೇ ಹಳೆಯ ಮ್ಯೂಟ್ ಮತ್ತೆ ಮೇಲೆ ಬರುತ್ತದೆ. ನೀವು ಹೇಳಿದ ಲಕ್ಷಣಕ್ಕೆ ಇದು ಹೊಂದುತ್ತದೆ. ತಂತಿಯ ಇಯರ್‌ಫೋನ್ ಇದ್ದಿದ್ದರೆ ಈ ಸುಳಿವು ನಮಗೆ ಸಿಗದೇ ಹೋಗಬಹುದಿತ್ತು, ಏಕೆಂದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ 3.5 ಮಿ.ಮೀ. ಜಾಕ್ ಮತ್ತು ಒಳಗಿನ ಸ್ಪೀಕರ್ ಎರಡೂ ವಿಂಡೋಸ್‌ನ ಲೆಕ್ಕದಲ್ಲಿ ಒಂದೇ ಸಾಧನ.

ಝೂಮ್ ತೆಗೆದು ಹಾಕಿದರೂ ಏನೂ ಆಗದಿದ್ದುದಕ್ಕೆ ಕಾರಣವೂ ಇಲ್ಲಿಯೇ ಇದೆ. ಈ ನೆನಪು ಝೂಮ್‌ನ ಕಡತಗಳಲ್ಲಿ ಇರುವುದಿಲ್ಲ. ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಆ್ಯಪ್ ಯಾವುದು ಎಂಬುದನ್ನು ವಿಂಡೋಸ್ ಗುರುತಿಸುವುದು ಅದರ ಕಡತ ಯಾವ ಫೋಲ್ಡರ್‌ನಲ್ಲಿದೆ ಎಂಬ ವಿಳಾಸದಿಂದ. ಮನೆಯ ಬಳಕೆಯ ಝೂಮ್ ಪ್ರತಿ ಸಲವೂ ಸಾಮಾನ್ಯವಾಗಿ ಅದೇ ಜಾಗದಲ್ಲಿಯೇ ಬಂದು ಕೂರುತ್ತದೆ:

```
%AppData%\Zoom\bin\Zoom.exe
```

ಹೊಸದಾಗಿ ಹಾಕಿದ ಝೂಮ್ ಅದೇ ವಿಳಾಸದಿಂದ ಧ್ವನಿ ಕಳಿಸಿದಾಗ ವಿಂಡೋಸ್ ಅದನ್ನು ಹಳೆಯ ಪರಿಚಯದವರೆಂದೇ ಭಾವಿಸಿ ಹಳೆಯ ಮ್ಯೂಟನ್ನೇ ಹಚ್ಚುತ್ತದೆ. ಎಷ್ಟು ಸಲ ತೆಗೆದು ಹಾಕಿದರೂ ಅಷ್ಟೇ. ಫಾರ್ಮ್ಯಾಟ್ ಮಾಡಿದರೆ ಮಾತ್ರ ಸಮಸ್ಯೆ ಖಂಡಿತ ಹೋಗುತ್ತದೆ, ಏಕೆಂದರೆ ಬಳಕೆದಾರ ಖಾತೆಯ ಸೆಟ್ಟಿಂಗ್ಸ್ ಎಲ್ಲವೂ ಅಳಿಸಿಹೋಗುತ್ತವೆ. ಅಂಗಡಿಯವರ ನಂಬಿಕೆ ಗಟ್ಟಿಯಾಗುವುದೂ ಇದರಿಂದಲೇ: ಫಾರ್ಮ್ಯಾಟ್ ಮಾಡಿದರು, ಧ್ವನಿ ಬಂತು, ಆದ್ದರಿಂದ ಡ್ರೈವರ್ ಕೆಟ್ಟಿತ್ತು ಎಂದುಕೊಳ್ಳುತ್ತಾರೆ. ಅವರನ್ನು ಮೋಸಗಾರರೆಂದು ನಾನು ಹೇಳಲಾರೆ. ಆದರೆ ಒಂದು ಮ್ಯೂಟ್ ಗುಂಡಿಗಾಗಿ ಮಗಳ ಟಿಪ್ಪಣಿ, ಮನೆಯ ಫೋಟೊ, ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿಟ್ಟ ಕಡತಗಳು ಎಲ್ಲವನ್ನೂ ಅಪಾಯಕ್ಕೆ ಒಡ್ಡುವುದು ಬೇಕಿಲ್ಲ.

ಈಗ ಪರೀಕ್ಷೆಗೆ ಬರೋಣ. ಮೊದಲು ಇಯರ್‌ಫೋನ್‌ನ ಬ್ಲೂಟೂತ್ ಸಂಪರ್ಕವನ್ನು ಪೂರ್ತಿ ಕಡಿದುಬಿಡಿ. ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರೆ ಸಾಲದು. ಅದು ಸಂಪರ್ಕದಲ್ಲಿಯೇ ಇದ್ದರೆ ನೀವು ನೋಡುವುದು ಇಯರ್‌ಫೋನ್ ಜೋಡಿಯ ವಾಲ್ಯೂಮನ್ನು. ಅಲ್ಲಿ ಎಲ್ಲವೂ ಸರಿಯಾಗಿ ಕಂಡು “ನೋಡಿದೆವು, ಅಲ್ಲಿ ಏನೂ ತೊಂದರೆಯಿಲ್ಲ” ಎಂಬ ತಪ್ಪು ತೀರ್ಮಾನಕ್ಕೆ ಬರುವವರು ಬಹಳ. ನಂತರ ಝೂಮ್ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ Audio ವಿಭಾಗಕ್ಕೆ ಹೋಗಿ. ಅಲ್ಲಿ Speaker ಎಂಬುದರ ಬಳಿ Test Speaker ಗುಂಡಿಯಿದೆ, ಪಕ್ಕದಲ್ಲಿ ಸಾಧನಗಳ ಪಟ್ಟಿಯಿದೆ. ಪಟ್ಟಿಯಲ್ಲಿ ಮಾನಿಟರ್‌ನ ಹೆಸರು ಆಯ್ಕೆಯಾಗಿದ್ದರೆ ಉತ್ತರ ಅಲ್ಲಿಯೇ ಸಿಕ್ಕಿತು. ಲ್ಯಾಪ್‌ಟಾಪ್ ಸ್ಪೀಕರನ್ನು ಆರಿಸಿ. ಅನೇಕ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದೇ ಇಲ್ಲ, ಹಿಂಬದಿಯಲ್ಲಿ ಒಂದು ಹೆಡ್‌ಫೋನ್ ತೂತು ಮಾತ್ರ ಇರುತ್ತದೆ. ಆದರೂ ಎಚ್‌ಡಿಎಂಐ ಕೇಬಲ್ ಧ್ವನಿಯನ್ನು ಸಹ ಒಯ್ಯಬಲ್ಲದಾದ್ದರಿಂದ ವಿಂಡೋಸ್ ಅದನ್ನು ಧ್ವನಿ ಸಾಧನವೆಂದೇ ಪಟ್ಟಿ ಮಾಡುತ್ತದೆ. ಅಲ್ಲಿಗೆ ಹೋದ ಧ್ವನಿ ಯಾರಿಗೂ ಕೇಳದೆ ಮುಗಿದುಹೋಗುತ್ತದೆ, ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ಪಟ್ಟಿಯ ಕೆಳಗಿನ ವಾಲ್ಯೂಮ್ ಪಟ್ಟಿಯನ್ನು ಸಹ ಬಲಕ್ಕೆ ಎಳೆದುಬಿಡಿ.

ಸಾಧನ ಸರಿಯಿದ್ದರೆ Test Speaker ಒತ್ತಿ, ಅದು ನುಡಿಯುತ್ತಿರುವಾಗಲೇ ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ Open volume mixer ಆರಿಸಿ. ನುಡಿಯುತ್ತಿರುವಾಗಲೇ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಧ್ವನಿಯ ದಾರಿಯನ್ನು ತೆರೆದಿರುವ ಆ್ಯಪ್‌ಗಳು ಮಾತ್ರ ಆ ಪುಟದಲ್ಲಿ ಕಾಣುತ್ತವೆ, ಸುಮ್ಮನೆ ಕುಳಿತ ಆ್ಯಪ್‌ಗೆ ಅಲ್ಲಿ ಸಾಲೇ ಇರುವುದಿಲ್ಲ. ಝೂಮ್‌ನ ಸಾಲು ಕಂಡರೆ ಮೊದಲು ಅದರ ಪಕ್ಕದ ಸ್ಪೀಕರ್ ಗುರುತಿಗೆ ಮ್ಯೂಟ್‌ನ ಗುರುತು ಬಿದ್ದಿದೆಯೇ ಎಂದು ನೋಡಿ, ಬಿದ್ದಿದ್ದರೆ ಒಮ್ಮೆ ಒತ್ತಿ ತೆಗೆಯಿರಿ. ಆಮೇಲೆ ವಾಲ್ಯೂಮ್ ಸಂಖ್ಯೆಯನ್ನು 100ಕ್ಕೆ ತನ್ನಿ. ಬಲಬದಿಯ ಬಾಣವನ್ನು ಒತ್ತಿದರೆ ಸಾಲು ಬಿಚ್ಚಿಕೊಂಡು Output device ಎಂಬ ಆಯ್ಕೆ ಕಾಣುತ್ತದೆ. ಅದು Default ಎಂದೇ ಇರಬೇಕು. ಅಲ್ಲಿ ಮಾನಿಟರ್ ಅಥವಾ ಇನ್ಯಾವುದೋ ಹೆಸರಿದ್ದರೆ, ಮಿಕ್ಕೆಲ್ಲ ಆ್ಯಪ್‌ಗಳು ಸ್ಪೀಕರ್‌ಗೆ ಹೋದರೂ ಝೂಮ್ ಮಾತ್ರ ಆ ಸಾಧನಕ್ಕೆ ಹೋಗುತ್ತಿರುತ್ತದೆ. ಆ್ಯಪ್‌ಗೊಂದು ಸಾಧನ ಗೊತ್ತುಮಾಡುವ ಈ ಸೌಲಭ್ಯ ಸೆಟ್ಟಿಂಗ್ಸ್‌ಗೆ ಬಂದದ್ದು 2018ರಲ್ಲಿ, ವಿಂಡೋಸ್ 10ರ ಕಾಲದಲ್ಲಿ. ಬಲಗುಂಡಿಯ ದಾರಿ ಸಿಗದಿದ್ದರೆ ವಿಂಡೋಸ್ ಗುಂಡಿ ಮತ್ತು R ಒಟ್ಟಿಗೆ ಒತ್ತಿ, ಬರುವ ಚಿಕ್ಕ ಕಿಟಕಿಯಲ್ಲಿ ಇದನ್ನು ಟೈಪ್ ಮಾಡಿದರೂ ಅದೇ ಪುಟ ತೆರೆಯುತ್ತದೆ:

```
ms-settings:apps-volume
```

ನನಗಂತೂ ಹಳೆಯ ಮಿಕ್ಸರ್ ಕಿಟಕಿಯೇ ಹೆಚ್ಚು ಉಪಯುಕ್ತವೆನಿಸುತ್ತದೆ. ಅದು ವಿಂಡೋಸ್ 11ರಲ್ಲಿಯೂ ಉಳಿದಿದೆ. ಅದೇ ಚಿಕ್ಕ ಕಿಟಕಿಯಲ್ಲಿ ಈ ಪದವನ್ನು ಟೈಪ್ ಮಾಡಿದರೆ ಬರುತ್ತದೆ:

```
sndvol
```

ಇದರಲ್ಲಿ ಪ್ರತಿ ಆ್ಯಪ್‌ನ ಪಕ್ಕದಲ್ಲಿ ಧ್ವನಿಗೆ ತಕ್ಕಂತೆ ಏರಿಳಿಯುವ ಹಸಿರು ಪಟ್ಟಿಯಿದೆ, ಮೇಲೆ Device ಎಂಬಲ್ಲಿ ಸಾಧನವನ್ನು ಬದಲಿಸಿ ಯಾವ ಸಾಧನದಲ್ಲಿ ಯಾವ ಆ್ಯಪ್ ನುಡಿಯುತ್ತಿದೆ ಎಂಬುದನ್ನು ಒಂದೊಂದಾಗಿ ನೋಡಬಹುದು. ಕೇಳದ ಧ್ವನಿಯನ್ನು ಕಣ್ಣಿನಿಂದ ಕಂಡುಹಿಡಿಯಲು ಇದಕ್ಕಿಂತ ಸುಲಭದ ಉಪಕರಣವಿಲ್ಲ. ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿದಾಗ ಝೂಮ್‌ನ ಸಾಲೇ ಇಲ್ಲದೆ, ಮಾನಿಟರ್ ಆರಿಸಿದಾಗ ಝೂಮ್‌ನ ಹಸಿರು ಪಟ್ಟಿ ಕುಣಿಯುತ್ತಿದ್ದರೆ ಧ್ವನಿ ದಾರಿ ತಪ್ಪಿದೆ ಎಂದರ್ಥ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿಯೇ ಝೂಮ್‌ನ ಸಾಲಿದ್ದು ಅದರ ಪಟ್ಟಿಯ ಗುಂಡಿ ತಳದಲ್ಲಿದ್ದರೆ, ಇಲ್ಲವೇ ಕೆಳಗಿನ ಗುರುತು ಕೆಂಪಾಗಿದ್ದರೆ, ವಾಲ್ಯೂಮ್ ಇಳಿದಿದೆ. ಸಾಲಿದ್ದು, ವಾಲ್ಯೂಮ್ ಪೂರ್ತಿಯಿದ್ದು, ಹಸಿರು ಮಾತ್ರ ಕದಲದಿದ್ದರೆ ಝೂಮ್ ಧ್ವನಿಯನ್ನೇ ಕಳಿಸುತ್ತಿಲ್ಲ. ಆಗ ಝೂಮ್‌ನ ಒಳಗೆ ನೋಡಬೇಕು. ತರಗತಿಗೆ ಸೇರಿದ ಮೇಲೆ ಕೆಳಗಿನ ಪಟ್ಟಿಯಲ್ಲಿ Join Audio ಎಂಬ ಬರಹ ಇನ್ನೂ ಕಾಣುತ್ತಿದ್ದರೆ ಕಂಪ್ಯೂಟರ್ ಧ್ವನಿಯನ್ನು ಸೇರಿಸಿಯೇ ಇಲ್ಲವೆಂದು ತಿಳಿಯಬೇಕು. ನಿಮ್ಮಲ್ಲಿ ಇಯರ್‌ಫೋನ್‌ನಲ್ಲಿ ಕೇಳುತ್ತಿರುವುದರಿಂದ ಈ ಮೂರನೆಯದು ಇರಲಾರದು.

ಇಷ್ಟರಲ್ಲಿ ನಿಮ್ಮ ಸಮಸ್ಯೆ ತೀರುವ ಸಾಧ್ಯತೆಯೇ ಹೆಚ್ಚು. ತೀರದಿದ್ದರೆ ಇದೇ ಲಕ್ಷಣವನ್ನು ತೋರಿಸುವ ಇನ್ನೊಂದು ಕಾರಣವಿದೆ, ಅದನ್ನು ಒಂದು ಉದಾಹರಣೆಯ ಮೂಲಕವೇ ಹೇಳುತ್ತೇನೆ. ಬಾಗಲಕೋಟೆಯ ಒಂದು ಪತ್ತಿನ ಸಹಕಾರಿ ಸಂಘದ ಕಚೇರಿಯಿಂದ ಇಂಥದೇ ದೂರು ಬಂದಿತ್ತು. ಅಲ್ಲಿಯದು ಡೆಸ್ಕ್‌ಟಾಪ್, ಹಿಂಬದಿಯ ಹಸಿರು ತೂತಿಗೆ ಎರಡು ಚಿಕ್ಕ ಸ್ಪೀಕರ್, ಎಚ್‌ಡಿಎಂಐನಿಂದ ಮಾನಿಟರ್. ಹಾಡು, ವಿಡಿಯೊ ಎಲ್ಲವೂ ಸ್ಪೀಕರ್‌ನಲ್ಲಿ ಬರುತ್ತಿದ್ದವು, ಜಿಲ್ಲಾ ಮಟ್ಟದ ಸಭೆ ನಡೆಯುವ ವಿಡಿಯೊ ಕರೆಯ ಆ್ಯಪ್ ಮಾತ್ರ ಮೂಕವಾಗಿತ್ತು. ಮಿಕ್ಸರ್‌ನಲ್ಲಿ ಸಾಲು 100ರಲ್ಲಿತ್ತು, ಸಾಧನವೂ Default ಎಂದೇ ಇತ್ತು. ಸಿಬ್ಬಂದಿಯೊಬ್ಬರು ಮನೆಯಿಂದ ತಂದ ಯುಎಸ್‌ಬಿ ಹೆಡ್‌ಸೆಟ್ ಚುಚ್ಚಿದಾಗ ಮಾತ್ರ ಕರೆ ಕೇಳುತ್ತಿತ್ತು. ಅವರೂ ಹೊಸ ಸೌಂಡ್ ಕಾರ್ಡ್ ತರಿಸುವ ಯೋಚನೆಯಲ್ಲಿದ್ದರು. ಆಗ ವಿಂಡೋಸ್ ಮತ್ತು R ಒತ್ತಿ ಇದನ್ನು ಟೈಪ್ ಮಾಡಿಸಿದೆ:

```
mmsys.cpl
```

ತೆರೆದುಕೊಂಡ ಕಿಟಕಿಯ Playback ಭಾಗದಲ್ಲಿ ಸ್ಪೀಕರ್‌ಗಳ ಮೇಲೆ ಹಸಿರು ಸರಿ ಗುರುತಿತ್ತು, ಮಾನಿಟರ್ ಮೇಲೆ ಹಸಿರು ಫೋನ್ ಗುರುತಿತ್ತು. ಇದರ ಅರ್ಥವಿಷ್ಟು: ವಿಂಡೋಸ್‌ನಲ್ಲಿ ಡೀಫಾಲ್ಟ್ ಸಾಧನ ಒಂದಲ್ಲ. ಹಾಡು, ವಿಡಿಯೊ, ಸಾಮಾನ್ಯ ಸದ್ದುಗಳಿಗೆ ಒಂದು ಡೀಫಾಲ್ಟ್, ಕರೆಗಳಿಗೆ ಇನ್ನೊಂದು. ಆ್ಯಪ್ ಬರೆದವರು ಇವೆರಡರಲ್ಲಿ ಯಾವುದನ್ನು ಬೇಕಾದರೂ ಕೇಳಿಕೊಳ್ಳಬಹುದು. ಕರೆಯ ಆ್ಯಪ್‌ಗಳಲ್ಲಿ ಕೆಲವು ಎರಡನೆಯದನ್ನು ಕೇಳುತ್ತವೆ. ಆದ್ದರಿಂದ ಮಿಕ್ಸರ್‌ನಲ್ಲಿ Default ಎಂದು ಸತ್ಯವನ್ನೇ ಬರೆದಿದ್ದರೂ ಆ ಕಚೇರಿಯಲ್ಲಿ ಕರೆಯ ಧ್ವನಿ ಸ್ಪೀಕರ್ ಇಲ್ಲದ ಮಾನಿಟರ್‌ಗೆ ಹೋಗಿ ಕಳೆದುಹೋಗುತ್ತಿತ್ತು. ಹೆಡ್‌ಸೆಟ್ ಚುಚ್ಚಿದಾಗ ವಿಂಡೋಸ್ ಅದನ್ನೇ ಎರಡೂ ಕೆಲಸಕ್ಕೆ ಡೀಫಾಲ್ಟ್ ಮಾಡಿಕೊಳ್ಳುತ್ತಿದ್ದುದರಿಂದ ಕರೆ ಕೇಳುತ್ತಿತ್ತು. ಸ್ಪೀಕರ್ ಹೆಸರಿನ ಮೇಲೆ ಬಲಗುಂಡಿ ಒತ್ತಿ Set as Default Communication Device ಆರಿಸಿದಾಗ ಫೋನ್ ಗುರುತು ಮಾನಿಟರ್ ಮೇಲಿಂದ ಹೋಯಿತು, ಕರೆಯನ್ನು ಒಮ್ಮೆ ಮುಚ್ಚಿ ತೆರೆದಾಗ ಮಾತು ಕೇಳಿತು. ನಿಮ್ಮ ಮನೆಯಲ್ಲಿಯೂ ಮಾನಿಟರ್ ಇದೆ, ಬ್ಲೂಟೂತ್ ಹಾಕಿದಾಗ ಕೇಳುತ್ತದೆ. ಲಕ್ಷಣ ಇದಕ್ಕೂ ಹೊಂದುತ್ತದೆ. ಒಂದೇ ಸಾಧನ ಎರಡೂ ಕೆಲಸಕ್ಕೆ ಗೊತ್ತಾಗಿದ್ದರೆ ಹಸಿರು ಸರಿ ಗುರುತು ಮಾತ್ರ ಕಾಣುತ್ತದೆ, ಫೋನ್ ಗುರುತು ಬೇರೆಲ್ಲಿಯೂ ಇರುವುದಿಲ್ಲ. ನಿಮಗೆ ಬೇಕಾದದ್ದು ಆ ಸ್ಥಿತಿ.

ಅದೇ ಕಿಟಕಿಯಲ್ಲಿ Communications ಎಂಬ ಇನ್ನೊಂದು ಭಾಗವಿದೆ. ಅದು ನಿಮ್ಮ ಸಮಸ್ಯೆಗೆ ತದ್ವಿರುದ್ಧವಾದ ದೂರಿಗೆ ಸಂಬಂಧಿಸಿದ್ದು: ಕರೆ ಶುರುವಾದ ಕೂಡಲೇ ಮಿಕ್ಕ ಆ್ಯಪ್‌ಗಳ ಧ್ವನಿಯನ್ನು ಶೇಕಡ 80ರಷ್ಟು ತಗ್ಗಿಸುವ ಏರ್ಪಾಡು ಅಲ್ಲಿ ಮೊದಲಿನಿಂದಲೇ ಇರುತ್ತದೆ. ಝೂಮ್ ತರಗತಿ ನಡೆಯುವಾಗ ಯೂಟ್ಯೂಬ್ ಪಾಠ ಕೇಳುವುದಿಲ್ಲ ಎನ್ನುವವರು ಅಲ್ಲಿ Do nothing ಆರಿಸಿಕೊಂಡರೆ ಸಾಕು. ನೀವು ಅದನ್ನು ಮುಟ್ಟಬೇಕಾಗಿಲ್ಲ.

ಮಾನಿಟರ್‌ನಲ್ಲಿ ಸ್ಪೀಕರ್ ಇಲ್ಲವೆಂದು ಖಚಿತವಾದರೆ Playback ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಬಲಗುಂಡಿ ಒತ್ತಿ Disable ಮಾಡಿಬಿಡಬಹುದು. ಆಮೇಲೆ ಯಾವ ಆ್ಯಪ್ ಸಹ ಅತ್ತ ಹೋಗುವುದಿಲ್ಲ. ಚಿತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ, ಧ್ವನಿಯ ದಾರಿ ಮಾತ್ರ ಮುಚ್ಚುತ್ತದೆ. ಒಂದು ತೊಡಕಿದೆ: ಮುಂದೊಮ್ಮೆ ಅದೇ ಕೇಬಲ್ ತೂತಿಗೆ ಟಿವಿ ಜೋಡಿಸಿ ಮದುವೆಯ ವಿಡಿಯೊ ನೋಡಲು ಕುಳಿತಾಗ ಟಿವಿಯಲ್ಲಿ ಧ್ವನಿ ಬರದೇ ಹೋಗಬಹುದು, ಆಗ ಇಂದು ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ. ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ Show Disabled Devices ಆರಿಸಿದರೆ ಮುಚ್ಚಿದ ಸಾಧನ ಮತ್ತೆ ಕಾಣುತ್ತದೆ, ಅಲ್ಲಿಂದ Enable ಮಾಡಬಹುದು. ಟಿವಿ ಜೋಡಿಸುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಈ ಗೊಡವೆಗೆ ಹೋಗದೆ ಡೀಫಾಲ್ಟ್ ಗುರುತುಗಳನ್ನು ಸರಿಪಡಿಸಿಕೊಳ್ಳುವುದೇ ವಾಸಿ.

ಯಾವ ಸಾಲು ಎಲ್ಲಿ ತಪ್ಪಿದೆ ಎಂದು ತಿಳಿಯದೆ ಗೊಂದಲವಾದರೆ ವಿಂಡೋಸ್ 11ರ ಮಿಕ್ಸರ್ ಪುಟದ ಕೆಳಭಾಗದಲ್ಲಿ Reset ಎಂಬ ಗುಂಡಿಯಿದೆ. ಅದು ಎಲ್ಲ ಆ್ಯಪ್‌ಗಳ ಸಾಧನ ಮತ್ತು ವಾಲ್ಯೂಮನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಕಡತಗಳಿಗೆ ಅಪಾಯವಿಲ್ಲ. ಆದರೆ ಬೇರೆ ಆ್ಯಪ್‌ಗೆ ಬೇಕೆಂದೇ ಇಟ್ಟುಕೊಂಡ ಆಯ್ಕೆಗಳೂ ಹೋಗುತ್ತವೆ, ತಗ್ಗಿಸಿಟ್ಟಿದ್ದ ಆ್ಯಪ್ ಒಮ್ಮೆಲೇ ಪೂರ್ತಿ ದನಿಯಲ್ಲಿ ಕೂಗಬಹುದು. ಆದ್ದರಿಂದ ಒತ್ತುವ ಮೊದಲು ಮುಖ್ಯ ವಾಲ್ಯೂಮನ್ನು 20ರ ಆಸುಪಾಸಿಗೆ ಇಳಿಸಿಕೊಳ್ಳಿ, ಮಗಳ ಕಿವಿಯಲ್ಲಿ ಇಯರ್‌ಫೋನ್ ಇಲ್ಲವೆಂದು ನೋಡಿಕೊಳ್ಳಿ. ನಾನಾದರೆ ಇದನ್ನು ಮೊದಲ ಹೆಜ್ಜೆಯಾಗಿ ಮಾಡುವುದಿಲ್ಲ. ಸಮಸ್ಯೆ ಹೋದರೂ ಅದು ಎಲ್ಲಿತ್ತು ಎಂಬುದು ತಿಳಿಯದೆ, ಮುಂದಿನ ವಾರ ಮತ್ತೆ ಬಂದಾಗ ಇದ್ದಲ್ಲಿಯೇ ಇರುತ್ತೀರಿ.

ಎಲ್ಲ ಮಾಡಿದರೂ ಧ್ವನಿ ಬಾರದಿದ್ದರೆ ಅಂಗಡಿಗೆ ಒಯ್ಯುವ ಮೊದಲು ಇನ್ನೊಂದು ಪರೀಕ್ಷೆಯಿದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು, ಅದರಿಂದ ಒಳಹೊಕ್ಕು, ಅಲ್ಲಿ ಝೂಮ್ ಹಾಕಿ Test Speaker ಒತ್ತಿ. ಆ್ಯಪ್‌ಗಳ ವಾಲ್ಯೂಮ್ ನೆನಪು ಖಾತೆಗೊಂದು ಇರುವುದರಿಂದ ಹೊಸ ಖಾತೆಗೆ ಹಳೆಯ ಮ್ಯೂಟ್ ಬರುವುದಿಲ್ಲ. ಅಲ್ಲಿ ಧ್ವನಿ ಬಂದರೆ ದೋಷ ಹಳೆಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿಯೇ ಇದೆ, ಫಾರ್ಮ್ಯಾಟ್‌ನ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿಯೂ ಯೂಟ್ಯೂಬ್ ಕೇಳಿ ಝೂಮ್ ಕೇಳದಿದ್ದರೆ, ಡೀಫಾಲ್ಟ್ ಸಾಧನದ ಗುರುತುಗಳನ್ನು ಮತ್ತೊಮ್ಮೆ ನೋಡಿ, ಮಾನಿಟರ್ ಕೇಬಲನ್ನು ಕಳಚಿ ಪರೀಕ್ಷಿಸಿ; ಕೇಬಲ್ ಕಳಚಿದಾಗ ಕೇಳಿದರೆ ಧ್ವನಿ ಅತ್ತಲೇ ಹೋಗುತ್ತಿತ್ತು ಎಂಬುದು ಸಿದ್ಧವಾಗುತ್ತದೆ. ಡ್ರೈವರನ್ನು ಹೊಸದಾಗಿ ಹಾಕುವ ಮಾತು ಇವೆಲ್ಲದರ ನಂತರದ್ದು. ಅದನ್ನು ಮಾಡಲೇಬೇಕಾದರೆ ಲ್ಯಾಪ್‌ಟಾಪ್ ತಯಾರಕರು ನಿಮ್ಮ ಮಾದರಿಗೆಂದೇ ಕೊಟ್ಟ ಡ್ರೈವರನ್ನು ಬಳಸಬೇಕು, ಏಕೆಂದರೆ ಸಿಕ್ಕಿದ ಡ್ರೈವರ್ ಹಾಕಿದಾಗ ಈಗ ಬರುತ್ತಿರುವ ಯೂಟ್ಯೂಬ್ ಧ್ವನಿಯ ಗುಣವೂ ಕೆಡಬಹುದು.

ಕೆಲವು ಕೋಚಿಂಗ್ ಸಂಸ್ಥೆಗಳು ತರಗತಿಯನ್ನು ಆ್ಯಪ್‌ನಲ್ಲಲ್ಲದೆ ಬ್ರೌಸರ್‌ನಲ್ಲಿಯೇ ನಡೆಸುತ್ತವೆ. ಆಗ ಮಿಕ್ಸರ್ ಅಷ್ಟು ಸಹಾಯಕ್ಕೆ ಬರುವುದಿಲ್ಲ. ಕ್ರೋಮ್‌ನ ಎಲ್ಲ ಟ್ಯಾಬ್‌ಗಳಿಗೂ ಸೇರಿ ಅಲ್ಲಿ ಒಂದೇ ಸಾಲಿರುವುದರಿಂದ, ಒಂದು ಟ್ಯಾಬ್ ಕೇಳಿ ಇನ್ನೊಂದು ಕೇಳದಿದ್ದರೆ ಕಾರಣ ಕ್ರೋಮ್‌ನ ಒಳಗೇ ಇರುತ್ತದೆ. ಕೇಳದ ಟ್ಯಾಬ್‌ನ ಮೇಲೆ ಬಲಗುಂಡಿ ಒತ್ತಿದಾಗ Unmute site ಎಂದು ಕಂಡರೆ ಆ ಜಾಲತಾಣವನ್ನು ಯಾರೋ ಹಿಂದೆ ಮ್ಯೂಟ್ ಮಾಡಿದ್ದಾರೆ. ಈ ಮ್ಯೂಟ್ ಟ್ಯಾಬ್ ಮುಚ್ಚಿದರೆ ಹೋಗುವುದಿಲ್ಲ, ಆ ಜಾಲತಾಣಕ್ಕೇ ಉಳಿದುಕೊಳ್ಳುತ್ತದೆ. ಗೂಗಲ್ ಮೀಟ್‌ನಂಥ ಕರೆಯ ತಾಣಗಳಲ್ಲಿ ತಮ್ಮದೇ ಸ್ಪೀಕರ್ ಆಯ್ಕೆಯೂ ಇರುತ್ತದೆ, ಅದನ್ನೂ ನೋಡಬೇಕು.

ನಿಮ್ಮ ಝೂಮ್ ಸರಿಯಾದ ಮೇಲೆ ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ತರಗತಿಯ ಸಮಯಕ್ಕೆ ಕಾಯದೆ ಬ್ರೌಸರ್‌ನಲ್ಲಿ zoom.us/test ತೆರೆದು ಪರೀಕ್ಷಾ ಸಭೆಗೆ ಸೇರಿ ನೋಡಿ. ಮೊದಲು ಇಯರ್‌ಫೋನ್ ಇಲ್ಲದೆ ಕೇಳಿ, ನಂತರ ಇಯರ್‌ಫೋನ್ ಜೋಡಿಸಿ ಕೇಳಿ, ಕೊನೆಗೆ ಅದನ್ನು ಕಳಚಿ ಮತ್ತೆ ಸ್ಪೀಕರ್‌ನಲ್ಲಿ ಕೇಳಿ. ಕೊನೆಯ ಆ ಬದಲಾವಣೆಯಲ್ಲಿ ಧ್ವನಿ ಸ್ಪೀಕರ್‌ಗೆ ಮರಳದೆ ನಿಂತರೆ ಝೂಮ್‌ನ ಸ್ಪೀಕರ್ ಪಟ್ಟಿಯಲ್ಲಿ ಇಯರ್‌ಫೋನ್‌ನ ಹೆಸರನ್ನೇ ಗಟ್ಟಿಯಾಗಿ ಆರಿಸಿಟ್ಟಿರುವ ಸಂಭವವಿದೆ. ಅಲ್ಲಿ Same as System ಇಟ್ಟರೆ ವಿಂಡೋಸ್ ಎತ್ತ ಹೋಗುತ್ತದೋ ಝೂಮ್ ಸಹ ಅತ್ತಲೇ ಹೋಗುತ್ತದೆ.